ಕೆಂಪು, ಹಳದಿ, ಹಸಿರು: ಕ್ಯಾಜುವಲ್ಟಿಯ ಹೊರಗೆ ಕುಂತವರಿಗೆ

ಇದು ಹುಬ್ಬಳ್ಳಿಯ ವಿದ್ಯಾನಗರದ ಒಂದು ಸಣ್ಣ ಸಭೆಯಲ್ಲಿ ನಾನು ಆಡಿದ ಮಾತು. ಎದುರಿಗೆ ಅರ್ಧ ಜನ ನರ್ಸಿಂಗ್ ಓದುವ ಹುಡುಗಿಯರು, ಇನ್ನರ್ಧ ಓಣಿಯ ಹಿರಿಯರು. ಚೀಟಿ ನೋಡದೆ ಮಾತಾಡಿದ್ದೆ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸರಿಮಾಡಿದ್ದೇನೆ, ಅಷ್ಟೇ.

ನಾನು 19 ವರ್ಷದಿಂದ ಕ್ಯಾಜುವಲ್ಟಿಯಲ್ಲಿ ನರ್ಸ್. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ, ಯಾಕಂದ್ರೆ ಇವತ್ತು ನಮ್ಮ ತಪ್ಪುಗಳನ್ನೇ ಜಾಸ್ತಿ ಹೇಳಬೇಕಾಗಿದೆ. ಇಲ್ಲಿ ಕೂತವರಲ್ಲಿ ಯಾವತ್ತೂ ಕ್ಯಾಜುವಲ್ಟಿಯ ಹೊರಗಿನ ಬೆಂಚಿನ ಮೇಲೆ ರಾತ್ರಿ ಕಳೆಯದವರು ಕೈ ಎತ್ತಿ ನೋಡೋಣ. ಇಬ್ಬರು. ಇಬ್ಬರೂ ನರ್ಸಿಂಗ್ ಮೊದಲ ವರ್ಷದವರು. ನಿಮಗೂ ಆ ಪಾಳಿ ಬರುತ್ತೆ, ಒಳಗಿನಿಂದಲೋ ಹೊರಗಿನಿಂದಲೋ.

ಬೆಂಚಿನ ಮೇಲೆ ಕುಂತವರಿಗೆ ಅರ್ಥವಾಗದ ವಿಷಯ ಒಂದೇ. ನಮಗಿಂತ ಆಮೇಲೆ ಬಂದವರನ್ನು ಮೊದಲು ಯಾಕೆ ಒಳಗೆ ಕರೆದರು? ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಹಾಗೆ ಮಾಡಿದರೆ ಜಗಳ ಆಗುತ್ತೆ. ಆಗಲೇಬೇಕು. ಆದರೆ ಕ್ಯಾಜುವಲ್ಟಿಯ ಪಾಳಿ ಬೇರೆ ಥರದ್ದು. ಬಾಗಿಲ ಹತ್ತಿರ ಒಂದು ಟೇಬಲ್ ಇರುತ್ತೆ, ಅಲ್ಲಿ ಒಬ್ಬ ನರ್ಸ್ ಇರುತ್ತಾಳೆ. ಬಂದವರನ್ನು ಎರಡು ಮೂರು ನಿಮಿಷ ನೋಡಿ ಕೈಗೊಂದು ಬಣ್ಣದ ಪಟ್ಟಿ ಕಟ್ಟುತ್ತಾಳೆ. ಈ ಕೆಲಸಕ್ಕೆ ಟ್ರಯಾಜ್ ಅಂತ ಹೆಸರು. ಫ್ರೆಂಚ್ ಮಾತು ಅದು, ಆರಿಸುವುದು, ಬೇರೆ ಮಾಡುವುದು ಅಂತ ಅರ್ಥ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಆರಿಸುವುದನ್ನು ನೋಡಿದ್ದೀರಲ್ಲ? ಬಣ್ಣ ನೋಡಿ ಈ ಗುಂಪಿ, ಆ ಗುಂಪಿ ಅಂತ ಹಾಕ್ತಾರೆ. ಹೆಚ್ಚುಕಡಿಮೆ ಅದೇ ಕೆಲಸ. ಒಂದೇ ಒಂದು ವ್ಯತ್ಯಾಸ. ಮೆಣಸಿನಕಾಯಿಯನ್ನು ಒಮ್ಮೆ ಗುಂಪಿಗೆ ಹಾಕಿದರೆ ಅದು ಅಲ್ಲೇ ಇರುತ್ತೆ. ಮನುಷ್ಯ ಹಳದಿ ಗುಂಪಿಯಲ್ಲಿ ಕೂತಲ್ಲೇ ಕೆಂಪಾಗಬಹುದು. ಇವತ್ತಿನ ನನ್ನ ಕಥೆ ಅದರದ್ದೇ.

ಬಣ್ಣಗಳನ್ನು ಮೊದಲು ಬೇಗ ಹೇಳಿಬಿಡುತ್ತೇನೆ. ಕೆಂಪು ಅಂದ್ರೆ ಈಗಲೇ ನೋಡಬೇಕು. ಉಸಿರಾಡಲು ಒದ್ದಾಡುವವರು, ಮೈ ಮೇಲೆ ಎಚ್ಚರ ಇಲ್ಲದವರು, ಬಿಪಿ ತೀರಾ ಇಳಿದವರು, ರಕ್ತ ನಿಲ್ಲದೆ ಹರಿಯುತ್ತಿರುವವರು, ಬೆವರಿನ ಜೊತೆ ಎದೆ ಹಿಡಿದುಕೊಂಡವರು. ಹಳದಿ ಅಂದ್ರೆ ಸ್ವಲ್ಪ ತಡೆಯಬಹುದು, ಆದರೆ ನಮ್ಮ ಕಣ್ಣೆದುರಿಗೇ ಇರಬೇಕು. ಹಸಿರು ಅಂದ್ರೆ ಕಾಯಬಹುದು, ಕಾದರೆ ಜೀವಕ್ಕೆ ಅಪಾಯ ಇಲ್ಲ. ಕಪ್ಪು ಅಂತಲೂ ಒಂದಿದೆ, ಜೀವ ಹೋದವರಿಗೆ. ಬಸ್ಸು ಉರುಳಿ ಒಂದೇ ಸಲ ಐವತ್ತು ಜನ ಬಂದಾಗ ಬದುಕುವ ಭರವಸೆಯೇ ಇಲ್ಲದವರಿಗೂ ಅದನ್ನು ಕಟ್ಟಬೇಕಾಗುತ್ತೆ. ಅದರ ಮಾತು ಇವತ್ತು ಬೇಡ. ಕೆಲವು ಆಸ್ಪತ್ರೆಗಳಲ್ಲಿ ಮೂರರ ಬದಲು ಐದು ಗುಂಪು ಮಾಡುತ್ತಾರೆ. ಆರಿಸುವ ಲೆಕ್ಕ ಮಾತ್ರ ಇದೇ.

ಬಣ್ಣ ಹೇಳುವುದು ಇಷ್ಟೇ, ಎಷ್ಟು ಹೊತ್ತು ತಡೆಯಬಹುದು ಅಂತ. ಆದರೆ ಹೊರಗೆ ಕುಂತವರ ಕಿವಿಗೆ ಅದು ಬೇರೆಯೇ ಕೇಳಿಸುತ್ತೆ. "ರೆಡ್‌ನಾಗ ಹಾಕ್ಯಾರ" ಅಂದ ಕೂಡಲೇ ಊರಿಗೆ ಫೋನ್ ಹೋಗುತ್ತೆ, ಬಂದುಬಿಡ್ರಿ ಅಂತ. ನಮ್ಮ ಕಡೆ "ಸೀರಿಯಸ್" ಅನ್ನೋ ಮಾತಿಗೆ ಅರ್ಥ ಒಂದೇ ಅಲ್ವಾ, ಉಳಿಯಂಗಿಲ್ಲ ಅಂತ. ಇತ್ತ ಹಸಿರು ಪಟ್ಟಿ ಕಟ್ಟಿಸಿಕೊಂಡವರ ಮನೆಯವರು "ನಮ್ಮನ್ನ ಲೆಕ್ಕಕ್ಕೇ ಹಿಡಿದಿಲ್ಲ" ಅಂತ ಸಿಟ್ಟಾಗುತ್ತಾರೆ. ಹಸಿರು ಕಟ್ಟಿದರೆ ನೀವು ಸ್ವಲ್ಪ ಖುಷಿಪಡಬೇಕು. ಆದರೆ ಮುರಿದ ಕೈ ಹಿಡಿದುಕೊಂಡು ಎರಡು ತಾಸು ಕುಂತವನಿಗೆ ಖುಷಿಪಡು ಅಂತ ಹೇಳುವ ಧೈರ್ಯ ನನಗೂ ಇಲ್ಲ.

ಈಗ ಕಥೆಗೆ ಬರೋಣ. ಮಳೆಗಾಲ, ಹೆಸರುಕಾಯಿ ಬಿಡಿಸುವ ದಿನಗಳು. ಸಂಜೆ 7 ಗಂಟೆ 40 ನಿಮಿಷಕ್ಕೆ ಕುಂದಗೋಳ ಕಡೆಯಿಂದ ಒಂದು ಕುಟುಂಬ ಬಂತು. ಐವತ್ತರ ಆಸುಪಾಸಿನ ತಾಯಿ, ಮಗ, ಮಗಳು, ಒಬ್ಬ ಕಾಕಾ. ತಾಯಿಯನ್ನು ಎತ್ತಿಕೊಂಡೇ ಬಂದಿದ್ದರು. ಟೇಬಲ್‌ನಲ್ಲಿ ಇದ್ದವಳು ಹೊಸ ಹುಡುಗಿ. ಬೆಂಗಳೂರಿನಲ್ಲೇ ಹುಟ್ಟಿ ಓದಿದವಳು, ಕೆಲಸದಲ್ಲಿ ಚುರುಕು. "ಏನಾಯ್ತು?" ಅಂದಳು.

"ಹೊಲದಾಗ ಹುಳ ಮುಟ್ಟೈತ್ರಿ," ಅಂದ ಮಗ.

ಆಕೆ ನಾಡಿ ನೋಡಿದಳು, ಬಿಪಿ ನೋಡಿದಳು, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿದಳು. ಎಲ್ಲ ಸರಿ ಇತ್ತು. ಹಾಳೆಯ ಮೇಲೆ "ಹುಳದ ಕಡಿತ" ಅಂತ ಬರೆದು ಹಸಿರು ಪಟ್ಟಿ ಕಟ್ಟಿದಳು. "ಹೊರಗಡೆ ಕೂತ್ಕೊಳಿ, ಕರೀತೀವಿ" ಅಂದಳು.

ನಾನು ಆಗ ಡ್ಯೂಟಿ ಕೈಬದಲು ಮಾಡುತ್ತಾ ಆ ದಾರಿಯಲ್ಲಿ ಹೋಗುತ್ತಿದ್ದೆ. ತಾಯಿಯ ಎಡಗಾಲಿನ ಮೀನಖಂಡದ ಮೇಲೆ ಟವೆಲ್ಲು ಹರಿದು ಬಿಗಿಯಾಗಿ ಕಟ್ಟಿದ್ದು ಕಣ್ಣಿಗೆ ಬಿತ್ತು. ಇರುವೆಯೋ ಕಣಜವೋ ಕಡಿದರೆ ಯಾರೂ ಕಾಲಿಗೆ ಹಾಗೆ ಬಟ್ಟೆ ಬಿಗಿಯುವುದಿಲ್ಲ. ನಿಂತು ಕೇಳಿದೆ. "ಕಾಕಾರ, ಉದ್ದನ ಹುಳ ಏನ್ರಿ?" ಕಾಕಾ ಗೋಣು ಹಾಕಿದರು. "ಹೌದ್ರೆವಾ, ಉದ್ದಂದ."

ಹಳ್ಳಿಯಲ್ಲಿ ಹೊತ್ತು ಮುಳುಗಿದ ಮೇಲೆ ಹಾವಿನ ಹೆಸರು ಎತ್ತುವವರು ಕಡಿಮೆ. ಹುಳ ಅಂತಾರೆ. ಕಡೀತು ಅಂತಲೂ ಅನ್ನುವುದಿಲ್ಲ, ಮುಟ್ಟಿತು ಅಂತಾರೆ. ಬೇರೆ ಕಡೆ ಬೆಳೆದ ಹುಡುಗಿಗೆ ಅದು ಹೇಗೆ ಗೊತ್ತಾಗಬೇಕು? ಆಕೆ ಕೇಳಿದ ಪದವನ್ನೇ ಸರಿಯಾಗಿ ಬರೆದಿದ್ದಳು. ಐದು ನಿಮಿಷದಲ್ಲಿ ಹಸಿರು ಹೋಗಿ ಹಳದಿ ಬಂತು, ತಾಯಿ ಒಳಗಿನ ಹಾಸಿಗೆಗೆ ಹೋದಳು. ಕಟ್ಟಿದ್ದ ಬಟ್ಟೆಯನ್ನು ಡಾಕ್ಟರ್ ತಾವೇ ನಿಂತು ನಿಧಾನ ಬಿಚ್ಚಿದರು. ಹಾಗೆ ಬಿಗಿಯುವುದರಿಂದ ವಿಷ ನಿಲ್ಲುವುದಿಲ್ಲ, ಕಾಲಿಗೇ ಕೇಡು. ಕಾಲು ಅಲ್ಲಾಡದಂತೆ ಒಂದು ಕಟ್ಟಿಗೆ ಇಟ್ಟು ಸಡಿಲವಾಗಿ ಕಟ್ಟಿ, ಹತ್ತಿರದ ಆಸ್ಪತ್ರೆಗೆ ಒಯ್ಯುವುದು ಸರಿಯಾದ ಕೆಲಸ. ಹತ್ತಿರದ್ದು ಅಂದೆ, ದೊಡ್ಡದು ಅನ್ನಲಿಲ್ಲ. ಹಾವಿನ ಔಷಧ ತಾಲೂಕು ಆಸ್ಪತ್ರೆಗಳಲ್ಲೂ ಇಡುತ್ತಾರೆ.

ಹಾವು ಅಂತ ಗೊತ್ತಾದ ಮೇಲೂ ಯಾಕೆ ಕೆಂಪು ಕಟ್ಟಲಿಲ್ಲ, ಯಾಕೆ ಕೂಡಲೇ ಇಂಜೆಕ್ಷನ್ ಕೊಡಲಿಲ್ಲ? ಮಗನ ಪ್ರಶ್ನೆಯೂ ಅದೇ ಆಗಿತ್ತು. ಹಾವು ಕಚ್ಚಿದಾಗಲೆಲ್ಲ ವಿಷ ಇಳಿಯುವುದಿಲ್ಲ. ವಿಷವಿಲ್ಲದ ಹಾವೇ ಜಾಸ್ತಿ, ವಿಷದ ಹಾವೂ ಒಮ್ಮೊಮ್ಮೆ ಬರೀ ಹಲ್ಲೂರಿ ಬಿಡುತ್ತೆ. ಹಾವಿನ ಔಷಧವನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಅದು ಕೆಲವರ ಮೈಗೆ ಒಗ್ಗುವುದಿಲ್ಲ. ನಡುಕ ಬರುತ್ತೆ, ಬಿಪಿ ಬೀಳುತ್ತೆ, ಉಸಿರು ಕಟ್ಟುತ್ತೆ. ಆದ್ದರಿಂದ ವಿಷ ಏರಿದ ಗುರುತು ಕಂಡರೆ ಮಾತ್ರ ಕೊಡುವುದು. ಗುರುತು ಕಾಣದಿದ್ದರೂ ಮನೆಗೆ ಬಿಡುವುದಿಲ್ಲ, ಕನಿಷ್ಠ 24 ತಾಸು ಇಟ್ಟುಕೊಂಡು ನೋಡುತ್ತೇವೆ.

ಗುರುತು ಹುಡುಕುವ ಒಂದು ಪರೀಕ್ಷೆ ನೋಡಲು ಬಹಳ ಬಡವಾಗಿದೆ. ಒಂದು ಒಣಗಿದ, ಸ್ವಚ್ಛ ಗಾಜಿನ ಕೊಳವೆ. ಅದರಲ್ಲಿ ಸ್ವಲ್ಪ ರಕ್ತ, ಎರಡು ಎಂಎಲ್ ಸಾಕು. ಅಲ್ಲಾಡಿಸದೆ 20 ನಿಮಿಷ ನಿಲ್ಲಿಸಬೇಕು, ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ಹೆಪ್ಪುಗಟ್ಟಿದ್ದರೆ ಸರಿ. ನೀರಿನಂತೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕೆ ಇಳಿದಿದೆ ಅಂತ ಅರ್ಥ. ಪ್ಲಾಸ್ಟಿಕ್ ಕೊಳವೆ ನಡೆಯುವುದಿಲ್ಲ. ನಡುವೆ ಎತ್ತಿ ಎತ್ತಿ ನೋಡಿದರೂ ಲೆಕ್ಕ ಕೆಡುತ್ತೆ. ಮಗ ಬಾಗಿಲಿನ ಗಾಜಿನಿಂದ ನೋಡುತ್ತಿದ್ದ. ಅವನಿಗೆ ಕಂಡದ್ದು ಇಷ್ಟು: ರಕ್ತ ತೆಗೆದರು, ಲ್ಯಾಬಿಗೆ ಕಳಿಸಲಿಲ್ಲ, ಮೂಲೆಯಲ್ಲಿ ಇಟ್ಟು ಸುಮ್ನೆ ಹೋದರು.

ಅದೇ ಹೊತ್ತಿಗೆ, 8 ಗಂಟೆಗೆ, ಒಬ್ಬ ಅಜ್ಜ ಬಂದ. ಮೊಮ್ಮಗನ ಬೈಕಿನಿಂದ ಇಳಿದು, ಚಪ್ಪಲಿ ಸರಿಮಾಡಿಕೊಂಡು ತಾನೇ ನಡೆದು ಬಂದ. "ಗ್ಯಾಸ್ ಆಗೈತಿ, ಒಂದ ಗುಳಗಿ ಕೊಡ್ರಿ" ಅಂದ. ಅಂಗಿ ಮಾತ್ರ ಬೆನ್ನಿಗೆ ಅಂಟಿಕೊಂಡಿತ್ತು, ಅಷ್ಟು ಬೆವರು. ಎದೆಯ ಮೇಲೆ ಯಾರೋ ಕುಂತಂಗೆ ಆಗೈತಿ ಅಂದ. ಅಜ್ಜನಿಗೆ ಕೆಂಪು. ಇಂಥವರಿಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಅಂತ ನಿಯಮ. ಹೃದಯದ ರಕ್ತನಾಳ ಕಟ್ಟಿದ್ದರೆ ನಿಮಿಷ ನಿಮಿಷಕ್ಕೂ ಮಾಂಸ ಸಾಯುತ್ತಿರುತ್ತೆ. ಆದ್ದರಿಂದ ನಾವು ನಾಲ್ಕು ಜನ ಆ ಕಡೆ ಓಡಿದೆವು.

ಮಗ ಬಾಗಿಲು ಬಡಿದ. "ಏನ್ರಿ ಇದು? ಅಂವ ತನ್ನ ಕಾಲಲೇ ನಡಕೊಂಡ ಬಂದಾನ. ನಾವು ಅವ್ವನ್ನ ಎತಗೊಂಡ ಬಂದೀವಿ. ನಮ್ಮವ್ವನ ಹತ್ರ ಯಾರೂ ಇಲ್ಲ. ಅಂವಾ ಯಾರ ಕಡೆಯವ?"

ಕೊನೆಯ ಪ್ರಶ್ನೆ ಕೇಳಿದಿರಲ್ಲ? ಯಾರ ಕಡೆಯವ ಅಂತ. ಕಾರಣ ಹೇಳದೇ ಹೋದರೆ ಜನ ತಾವೇ ಒಂದು ಕಾರಣ ಹುಡುಕುತ್ತಾರೆ. ನಮ್ಮ ಊರುಗಳಲ್ಲಿ ಮೊದಲು ಸಿಗುವ ಕಾರಣ ವಶೀಲಿ.

ಆಗ ನಾನು ಮಾಡಿದ್ದೇನು? ಮೈಕ್ ತಗೊಂಡು ಅಂದೆ: "ಕ್ಯಾಜುವಲ್ಟಿ ಹೊರಗಿರುವ ಎಲ್ಲ ರೋಗಿಗಳ ಸಂಬಂಧಿಕರು ದಯವಿಟ್ಟು ಶಾಂತಿಯಿಂದ ಸಹಕರಿಸಬೇಕಾಗಿ ವಿನಂತಿ." ವರ್ಷಗಟ್ಟಲೆ ಇದನ್ನೇ ಹೇಳುತ್ತಾ ಬಂದಿದ್ದೆ. ಇಡೀ ವಾಕ್ಯದಲ್ಲಿ ಒಂದೇ ಒಂದು ಸುದ್ದಿ ಇಲ್ಲ, ನೋಡಿ. ಯಾರನ್ನು ನೋಡುತ್ತಿದ್ದಾರೆ, ಯಾಕೆ ತಡ, ಇನ್ನೆಷ್ಟು ಹೊತ್ತು, ಏನೂ ಇಲ್ಲ. ಬಾಯಿ ಮುಚ್ಚಿಕೊಂಡು ಕುಂದರ್ರಿ ಅನ್ನುವುದನ್ನೇ ಕಚೇರಿಯ ಕನ್ನಡದಲ್ಲಿ ಹೇಳಿದಂಗೆ. ಹಾಲ್‌ನಲ್ಲಿ ಗದ್ದಲ ಇನ್ನೂ ಜಾಸ್ತಿ ಆಯ್ತು.

ಆಮೇಲೆ ನಮ್ಮ ಸೀನಿಯರ್ ಡಾಕ್ಟರ್ ಒಬ್ಬರು ಅಂದರು, "ಅಕ್ಕಾರ, ಎರಡು ನಿಮಿಷ ಹೊರಗ ಹೋಗಿ ಬರ್ರಿ, ಇಲ್ಲಿ ನಾವು ನೋಡ್ಕೋತೀವಿ." ಹೋಗಿ ಮಗನ ಪಕ್ಕದಲ್ಲಿ ಬೆಂಚಿನ ಮೇಲೆ ಕುಂತೆ. ನಿಂತು ಹೇಳಿದ್ದಕ್ಕೂ ಕುಂತು ಹೇಳಿದ್ದಕ್ಕೂ ಬಹಳ ಫರಕು ಇದೆ. ಹೇಳಿದ್ದು ಹೀಗೆ:

"ತಮ್ಮಾ, ನಿಮ್ಮವ್ವಗ ಹಾವು ಕಡದೈತಿ. ವಿಷ ಏರೈತೋ ಇಲ್ಲೋ ಇನ್ನೂ ಗೊತ್ತಿಲ್ಲ. ಅದನ್ನ ನೋಡಾಕ ರಕ್ತ ಕೊಳವೆಯೊಳಗ ಇಟ್ಟೀವಿ. ಅದನ್ನ 20 ನಿಮಿಷ ಮುಟ್ಟಬಾರದು, ಅದಕ್ಕ ಬಿಟ್ಟೀವಿ, ಮರತಿಲ್ಲ. ಆ ಅಜ್ಜಗ ಹಾರ್ಟಿನ ತ್ರಾಸ ಐತಿ, ಈಗ ಬಿಟ್ಟರ ಹೋಗ್ತಾನ. ಅಂವ ಯಾರ ಕಡೆಯವನೂ ಅಲ್ಲ. ಎಂಟೂಕಾಲಕ್ಕ ನಾನು ಮತ್ತ ಬರ್ತೀನಿ. ಹೇಳಾಕ ಏನೂ ಇಲ್ಲಂದ್ರೂ ಬರ್ತೀನಿ."

ಈ ಕೊನೆಯ ಮಾತನ್ನು ನರ್ಸಿಂಗ್ ಹುಡುಗಿಯರು ಬರೆದುಕೊಳ್ಳಿ. ನಾವು ಯಾವಾಗಲೂ "ಹತ್ತು ನಿಮಿಷ" ಅಂತೀವಿ. ಕ್ಯಾಜುವಲ್ಟಿಯ ಹತ್ತು ನಿಮಿಷ ಯಾವ ಗಡಿಯಾರದಲ್ಲೂ ಇಲ್ಲ. ಚಿಕಿತ್ಸೆ ಯಾವಾಗ ಮುಗಿಯುತ್ತೆ ಅಂತ ನಮ್ಮ ಕೈಯಲ್ಲಿಲ್ಲ, ಆದರೆ ನಾನು ಯಾವಾಗ ಹೊರಗೆ ಬಂದು ಮುಖ ತೋರಿಸುತ್ತೇನೆ ಅನ್ನೋದು ನನ್ನ ಕೈಯಲ್ಲಿದೆ. ಕೈಯಲ್ಲಿರುವ ಹೊತ್ತನ್ನೇ ಹೇಳಿ. ಮಗ ಗಡಿಯಾರ ನೋಡಿಕೊಂಡು ಕುಂತ.

ಹೇಳಿದಂತೆ ಎಂಟೂಕಾಲಿಗೆ ಕೊಳವೆ ವಾಲಿಸಿದೆವು. ರಕ್ತ ಚೆನ್ನಾಗಿ ಹೆಪ್ಪುಗಟ್ಟಿತ್ತು. ನಾನು ಹೊರಗೆ ಹೋಗಿ ಖುಷಿಯಿಂದ ಅಂದೆ, "ರಿಪೋರ್ಟ್ ಚಲೋ ಐತಿ." ಎಲ್ಲರೂ ಕೈ ಮುಗಿದರು. ಕಾಕಾ ಚಹಾ ಕುಡಿಯಲು ಹೋದರು.

ಆ ಸಂಜೆಯ ನನ್ನ ದೊಡ್ಡ ತಪ್ಪು ಅದು. ಮೈಕಿನಲ್ಲಿ ಆಡಿದ ಮಾತಿಗಿಂತ ದೊಡ್ಡದು. ಕೊಳವೆಯ ಪರೀಕ್ಷೆ ಹೇಳುವುದು ರಕ್ತ ಕೆಡಿಸುವ ವಿಷದ ಬಗ್ಗೆ ಮಾತ್ರ. ನಾಗರ ಮತ್ತು ಕಟ್ಟುಹಾವಿನ ವಿಷ ನರಗಳಿಗೆ ಹೊಡೆಯುತ್ತೆ. ಅದರಲ್ಲಿ ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತೆ. ನನಗೆ ಅದು ಗೊತ್ತಿತ್ತು. ಆದರೆ "ರಿಪೋರ್ಟ್ ಚಲೋ ಐತಿ" ಅನ್ನೋ ಮೂರು ಪದದಲ್ಲಿ ಅದು ಹೋಗಲಿಲ್ಲ. ಮನೆಯವರ ಕಿವಿಗೆ ಹೋದದ್ದು "ಅವ್ವ ಆರಾಮ ಆದ್ಲು" ಅಂತ.

ಹಳದಿ ಹಾಸಿಗೆಯ ಹತ್ತಿರ ಒಬ್ಬರನ್ನು ಬಿಡುತ್ತೇವೆ. ಮಗಳು ಅಲ್ಲಿ ಕುಂತಿದ್ದಳು. ಎಂಟೂವರೆ ಹೊತ್ತಿಗೆ ತಾಯಿ, "ನಿದ್ದಿ ಬರಾಕತ್ತೈತಿ" ಅಂದಳಂತೆ. ದಿನವೆಲ್ಲ ಹೊಲದಲ್ಲಿ ದುಡಿದ ಜೀವ, ರಿಪೋರ್ಟೂ ಚಲೋ ಬಂದಿದೆ, ಮಲಗಲಿ ಅಂತ ಮಗಳು ಹೊದಿಕೆ ಸರಿಮಾಡಿದಳು. ನಾನು ಆ ಕಡೆ ಹೋದಾಗ ಕೇಳಿದೆ, "ಅವ್ವ ಹ್ಯಾಂಗ ಅದಾಳ?" "ಮಲಕೊಂಡಾಳ್ರಿ, ಆದರ ಮಾತಾಡಿಸಿದರ ಮಾತಾಡ್ತಾಳ" ಅಂದಳು.

ಆ "ಆದರ" ಕೇಳಿ ನಿಂತೆ. ನಿದ್ದೆ ಬಂದವರು ಕರೆದರೆ ಕಣ್ಣು ಬಿಟ್ಟು ಮಾತಾಡುತ್ತಾರೆ, ಕಣ್ಣು ಮುಚ್ಚಿಕೊಂಡೇ ಸರಿಯಾಗಿ ಉತ್ತರ ಕೊಡುವುದಿಲ್ಲ. "ಅವ್ವಾ, ಮ್ಯಾಲ ನೋಡ್ರಿ" ಅಂದೆ. ಹುಬ್ಬು ಮೇಲೆ ಹೋದವು, ಹಣೆಯಲ್ಲಿ ಗೆರೆ ಬಿತ್ತು, ರೆಪ್ಪೆ ಮಾತ್ರ ಅರ್ಧಕ್ಕೇ ನಿಂತವು. ಅದು ನಿದ್ದೆಯಲ್ಲ. ರೆಪ್ಪೆ ಎತ್ತುವ ಸ್ನಾಯುವಿಗೆ ಶಕ್ತಿ ಹೋಗಿತ್ತು. ನರದ ವಿಷ ಸಾಮಾನ್ಯವಾಗಿ ಮೊದಲು ಕಾಣುವುದೇ ರೆಪ್ಪೆಯಲ್ಲಿ. ಆಮೇಲೆ ಮಾತು ತೊದಲುತ್ತೆ, ಉಗುಳು ನುಂಗಲು ಆಗುವುದಿಲ್ಲ, ಕತ್ತು ನಿಲ್ಲುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತೆ. ಮನುಷ್ಯನಿಗೆ ಎಲ್ಲ ಎಚ್ಚರ ಇರುತ್ತೆ, ಹೇಳಲು ಆಗುವುದಿಲ್ಲ, ಅಷ್ಟೇ.

ಹಳದಿ ಕೆಂಪಾಯಿತು. ಹಾವಿನ ಔಷಧ ಹತ್ತು ಬಾಟಲಿ ಸಲೈನಿನಲ್ಲಿ ಬೆರೆಸಿ ಒಂದು ತಾಸಿನಲ್ಲಿ ಇಳಿಯುವಂತೆ ಹಚ್ಚಿದೆವು. ಸ್ನಾಯುವಿಗೆ ಬಲ ಬರುವ ಬೇರೆ ಇಂಜೆಕ್ಷನ್ನೂ ಕೊಟ್ಟರು. ಉಸಿರು ನಿಂತರೆ ಅಂತ ಗಂಟಲಿಗೆ ಹಾಕುವ ಕೊಳವೆ ಪಕ್ಕದಲ್ಲಿ ತೆರೆದಿಟ್ಟೆವು. ಮಗಳನ್ನು ಹೊರಗೆ ಕಳಿಸಿದೆವು.

ಹೊರಗೆ ಏನಾಗಿರಬೇಕು ನೀವೇ ಯೋಚಿಸಿ. ಕಾಲು ತಾಸಿನ ಹಿಂದೆ ನಾನೇ ಬಂದು ಚಲೋ ಐತಿ ಅಂದಿದ್ದೆ. "ರಿಪೋರ್ಟ್ ಚಲೋ ಐತಿ ಅಂದ್ರಿ, ಈಗ ರೆಡ್ ಅಂತೀರಿ. ನಡುವ ಏನ್ ಮಾಡಿದ್ರಿ ನಮ್ಮವ್ವಗ?" ಮಗ ಕೂಗಿದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಆಸ್ಪತ್ರೆಯ ಗಲಾಟೆಗಳಲ್ಲಿ ಎಷ್ಟೋ ಇಂಥ ಜಾಗದಲ್ಲೇ ಹುಟ್ಟುತ್ತವೆ ಅಂತ ನನಗನಿಸುತ್ತೆ. ಕೆಟ್ಟ ಸುದ್ದಿಯನ್ನು ಜನ ತಡೆದುಕೊಳ್ಳುತ್ತಾರೆ. ಒಳ್ಳೆ ಸುದ್ದಿ ಕೊಟ್ಟು ವಾಪಸ್ ಕಸಿದುಕೊಂಡರೆ ತಡೆಯುವುದಿಲ್ಲ.

ನಾನು ಹೇಳಬೇಕಾಗಿದ್ದದ್ದು ಹೀಗೆ: "ಒಂದು ಪರೀಕ್ಷೆ ಸರಿ ಬಂದೈತಿ. ಇನ್ನೊಂದು ಥರದ ವಿಷ ಇರಬಹುದು, ಅದು ಪರೀಕ್ಷೆಯೊಳಗ ಸಿಗಂಗಿಲ್ಲ, ಕಣ್ಣಲೇ ನೋಡಬೇಕು. ರೆಪ್ಪೆ ಇಳದರ, ಮಾತು ತೊದಲಿದರ, ನುಂಗಾಕ ಬರದಿದ್ದರ, ವಸಡಿನ್ಯಾಗ ರಕ್ತ ಕಂಡರ ಕೂಡಲೇ ನಮ್ಮನ್ನ ಕರೀರಿ. ನಿದ್ದಿ ಬರ್ತೈತಿ ಅಂದ್ರೂ ಕರೀರಿ. ನಾಳಿ ಇಷ್ಟೊತ್ತಿನ ತನಕ ಹಿಂಗೇ ನೋಡಬೇಕು." ಮಾತು ಉದ್ದ ಆಯ್ತು, ನಿಜ. ಅರ್ಧ ನಿಮಿಷ. ಆದರೆ ಇಷ್ಟು ಹೇಳಿದ್ದರೆ ಮಗಳು ಹೊದಿಕೆ ಸರಿಮಾಡುವ ಬದಲು ನನ್ನನ್ನು ಕೂಗುತ್ತಿದ್ದಳು.

ತಾಯಿ ಉಳಿದಳು. ಗಂಟಲಿಗೆ ಕೊಳವೆ ಹಾಕುವ ಪ್ರಸಂಗ ಬರಲಿಲ್ಲ. ಮರುದಿನ ಮಧ್ಯಾಹ್ನ ರೆಪ್ಪೆ ಪೂರ್ತಿ ಎದ್ದವು, ಐದನೇ ದಿನ ಮನೆಗೆ ಹೋದಳು. ಅಜ್ಜನೂ ಉಳಿದ. ಅವನಿಗೆ ಗ್ಯಾಸ್ ಆಗಿತ್ತು ಅಂತಲೇ ಇವತ್ತಿಗೂ ನಂಬಿಕೆ.

ಆ ಸಂಜೆಯ ನಂತರ ನಾವು ಕೆಲವು ಪದಗಳನ್ನು ಬಿಟ್ಟೆವು. "ಸ್ಟೇಬಲ್" ಅನ್ನುವುದು ಅದರಲ್ಲಿ ಒಂದು. ಡಾಕ್ಟರಿಗೆ ಅದರ ಅರ್ಥ ನಾಡಿ, ಬಿಪಿ ಸದ್ಯಕ್ಕೆ ಏರುಪೇರಾಗುತ್ತಿಲ್ಲ ಅಂತ. ಕನ್ನಡದಲ್ಲಿ "ಸ್ಥಿರವಾಗಿದೆ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ, "ಆರಾಮ ಅದಾರ" ಅಂದರೆ ಸುಳ್ಳಾಗುತ್ತೆ. ಈಗ ನಾವು "ಬಂದಾಗ ಹೆಂಗಿದ್ರೋ ಹಂಗೇ ಅದಾರ, ಕೆಟ್ಟಿಲ್ಲ, ಇನ್ನೂ ಸುಧಾರಿಸಿಲ್ಲ" ಅಂತೀವಿ. "ಅಬ್ಸರ್ವೇಶನ್‌ನಲ್ಲಿ ಇಟ್ಟಿದ್ದೀವಿ" ಅಂದರೆ ಸುಮ್ನೆ ಮಲಗಿಸಿದ್ದಾರೆ ಅಂತ ಕೇಳಿಸುತ್ತೆ. ಅದಕ್ಕೆ ಏನನ್ನು ನೋಡುತ್ತಿದ್ದೇವೆ, ಎಷ್ಟು ಹೊತ್ತಿಗೊಮ್ಮೆ ನೋಡುತ್ತೇವೆ ಅಂತ ಹೇಳುತ್ತೇವೆ. "ನೆಗೆಟಿವ್" ಅಂತೂ ಬಾಯಿಗೇ ತರಬಾರದು. ಪರೀಕ್ಷೆ ನೆಗೆಟಿವ್ ಬಂದಿದೆ ಅಂದಿದ್ದಕ್ಕೆ ಗೋಳೋ ಅಂತ ಅತ್ತವರನ್ನು ನಾನೇ ಸಮಾಧಾನ ಮಾಡಿದ್ದೇನೆ.

ಮೈಕಿನದು ಇನ್ನೊಂದು ಪುರಾಣ. "ಬಸವರಾಜ ಕಡೆಯವರು ಕೂಡಲೇ ಬರಬೇಕು" ಅಂತ ಕೂಗಿದರೆ ನಮ್ಮ ಹಾಲ್‌ನಲ್ಲಿ ನಾಲ್ಕು ಬಸವರಾಜರ ಮನೆಯವರು ಏಳುತ್ತಾರೆ. ನಾಲ್ವರ ಎದೆಯೂ ಧಸಕ್ ಅನ್ನುತ್ತೆ. ಕರೆದದ್ದು ಆಧಾರ್ ಕಾರ್ಡ್ ಜೆರಾಕ್ಸ್ ಸಲುವಾಗಿ ಇರುತ್ತೆ. ಈಗ ಟೋಕನ್ ನಂಬರ್, ಹೆಸರು, ಊರು ಹೇಳಿ, ಯಾಕೆ ಕರೆಯುತ್ತಿದ್ದೇವೆ ಅಂತಲೂ ಹೇಳುತ್ತೇವೆ: "ನಂಬರ್ 31, ಬಸವರಾಜ, ಶಿಗ್ಗಾವಿ, ಕಡೆಯವರು ಚೀಟಿಗೆ ಸಹಿ ಮಾಡಾಕ ಬರ್ರಿ. ಗಾಬರಿ ಮಾಡಕೋಬ್ಯಾಡ್ರಿ." ರೋಗದ ಹೆಸರನ್ನು ಮೈಕಿನಲ್ಲಿ ಹೇಳುವುದಿಲ್ಲ. ಎಣ್ಣೆ ಕುಡಿದವರ ವಿಷಯವಂತೂ ಪಕ್ಕದ ಬೆಂಚಿಗೂ ಕೇಳಬಾರದು. ಹೊಲಕ್ಕೆ ಹೊಡೆಯುವ ಎಣ್ಣೆ, ನಿಮಗೆ ಗೊತ್ತಲ್ಲ. ಊರು ಸಣ್ಣದು, ಕುಡಿದವರು ನಾಳೆ ಅದೇ ಊರಿಗೆ ಹೋಗಬೇಕು.

ಸಾವಿನ ಸುದ್ದಿಯನ್ನು ಮೈಕಿನಲ್ಲಿ ಹೇಳುವುದಿಲ್ಲ, ಒಬ್ಬರು ಹೋಗಿ ಕರೆದು ಕೋಣೆಯಲ್ಲಿ ಕೂರಿಸಿ ಹೇಳಬೇಕು ಅಂತ ನಿಯಮ ಮಾಡಿದೆವು. ಚಲೋ ನಿಯಮವೇ. ಆದರೆ ಒಂದು ತಿಂಗಳಲ್ಲಿ ಹಾಲ್‌ನ ಜನರಿಗೆ ಅದರ ಗುಟ್ಟು ತಿಳಿಯಿತು. ನಾನು ಬಾಗಿಲು ದಾಟಿ ನಡೆದು ಬಂದರೆ ಸಾಕು, ಯಾರ ಕಡೆ ನಡೆಯುತ್ತಿದ್ದೇನೋ ಅವರು ಅಳಲು ಶುರು ಮಾಡುತ್ತಿದ್ದರು. ಆದ್ದರಿಂದ ಈಗ ಸಣ್ಣಪುಟ್ಟ ಮಾತಿಗೂ ನಡೆದೇ ಹೋಗುತ್ತೇನೆ. ಎಲ್ಲರ ಹತ್ತಿರವೂ ನಿಲ್ಲುತ್ತೇನೆ. ಕಾಲು ನೋವು ಜಾಸ್ತಿಯಾಗಿದೆ, ಹಾಲ್ ಸ್ವಲ್ಪ ತಣ್ಣಗಾಗಿದೆ.

ಅರ್ಧ ತಾಸಿಗೊಮ್ಮೆ ಮೈಕಿನಲ್ಲಿ ಒಂದು ಮಾತು ಹೇಳುತ್ತೇವೆ. "ಹೊರಗ ಕುಂತವರಿಗೆ ಸುದ್ದಿ. ಈಗ ಒಳಗ ಉಸಿರಾಟದ ತ್ರಾಸ ಇರೋ ಇಬ್ಬರನ್ನ ನೋಡಾಕತ್ತೀವಿ. ಅದಕ್ಕ ಹಸಿರು ಪಟ್ಟಿಯವರಿಗೆ ಇನ್ನೂ ಒಂದು ತಾಸು ಹಿಡೀಬಹುದು. ನಿಮ್ಮ ಪೇಷಂಟ್ ಬಂದಾಗಿಂತ ಈಗ ಬ್ಯಾರೆ ಕಾಣಾಕತ್ತಿದ್ದರ, ದಮ್ಮು ಹತ್ತಿದರ, ಬೆವತರ, ಮಾತು ತಪ್ಪಿದರ, ಪಾಳಿ ನೋಡಬ್ಯಾಡ್ರಿ, ನೇರ ಟೇಬಲ್‌ಗೆ ಬಂದು 'ಮೊದಲಿನಂಗಿಲ್ಲ' ಅನ್ರಿ." ಆ "ಮೊದಲಿನಂಗಿಲ್ಲ" ಅನ್ನೋ ಮಾತನ್ನು ಯಾರು ಅಂದರೂ ಟೇಬಲ್‌ನ ನರ್ಸ್ ಎದ್ದು ಹೋಗಿ ನೋಡಲೇಬೇಕು. ಬಹಳಷ್ಟು ಸಲ ಏನೂ ಇರುವುದಿಲ್ಲ. ಬೇಸರ ಮಾಡಿಕೊಳ್ಳುವುದಿಲ್ಲ ಅಂತ ನಮ್ಮ ನಮ್ಮಲ್ಲೇ ಒಪ್ಪಂದ.

ಸಭೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಎದ್ದು ಕೇಳಿದರು, "ವಶೀಲಿ ಇಲ್ಲವೇ ಇಲ್ಲ ಅಂತೀರಾ?" ಇಲ್ಲ ಅಂತ ಹೇಳಲಾರೆ. ಫೋನ್ ಬರುತ್ತವೆ. ಹಸಿರಿನವರನ್ನು ಹಸಿರಿನವರ ಮುಂದೆ ತಂದು ನಿಲ್ಲಿಸಿದ್ದು ನೋಡಿದ್ದೇನೆ, ಅದು ತಪ್ಪೇ. ನಿಮಗೆ ಸಂಶಯ ಬಂದರೆ ಜಗಳ ತೆಗೆಯುವ ಮೊದಲು ಎರಡು ಮಾತು ಕೇಳಿ: ನಮ್ಮವರಿಗೆ ಯಾವ ಬಣ್ಣ, ಮತ್ತೆ ಯಾವಾಗ ನೋಡ್ತೀರಿ? ಇನ್ನೊಬ್ಬರಿಗೆ ಏನಾಗಿದೆ ಅಂತ ನಾವು ಹೇಳುವಂತಿಲ್ಲ, ಆ ರಾತ್ರಿ ಅಜ್ಜನ ಹಾರ್ಟಿನ ವಿಷಯ ನಾನು ಬಾಯಿ ಬಿಟ್ಟದ್ದೂ ಸರಿಯಲ್ಲ. ನಿಮ್ಮವರ ಬಗ್ಗೆ ಈ ಎರಡಕ್ಕೆ ಮಾತ್ರ ಉತ್ತರ ಸಿಗಲೇಬೇಕು. ಸಿಗದಿದ್ದರೆ ಆಮೇಲೆ ದನಿ ಎತ್ತಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕೇಳಿದಳು, "ಎವ್ವಾ, ರಾತ್ರಿ ಹೊತ್ತು ಅದರ ಹೆಸರು ತಗೀಬಾರದು ಅಂತಾರಲ್ಲ, ದವಾಖಾನಿಯೊಳಗ ಏನ್ ಅನ್ನಬೇಕು?"

ದವಾಖಾನೆಯಲ್ಲಿ ಹಾವು ಅಂತಲೇ ಅನ್ನಿ ಅಂದೆ. ಬಾಯಿ ಬರದಿದ್ದರೆ ಉದ್ದನ ಹುಳ ಅನ್ನಿ. ಈಗ ನಮ್ಮ ಟೇಬಲ್‌ನ ಮೇಲೆ, ಬಿಪಿ ಮಷೀನಿನ ಪಕ್ಕ, ಆ ಬೆಂಗಳೂರಿನ ಹುಡುಗಿಯೇ ತನ್ನ ಕೈಯಲ್ಲಿ ಬರೆದು ಅಂಟಿಸಿದ ಚೀಟಿ ಇದೆ: "ಹುಳ ಅಂದರೆ ಕೇಳು. ಉದ್ದಂದಾ, ಸಣ್ಣದಾ?"